ಒಂದು ಕಡೆಯ ಭದ್ರತೆ: ಅನಂತ ಶ್ರೇಣಿಗಳ ಗುಣಾಕಾರ ಮತ್ತು ಮೆರ್ಟೆನ್ಸ್ ಪ್ರಮೇಯ

ಎರಡು ಆವರಣಗಳನ್ನು ಗುಣಿಸುವ ರೀತಿಯನ್ನು ನಾವೆಲ್ಲ ಹೈಸ್ಕೂಲಿನಲ್ಲೇ ಕಲಿತಿದ್ದೇವೆ. ಮೊದಲ ಆವರಣದ ಪ್ರತಿಯೊಂದು ಪದದಿಂದ ಎರಡನೆಯ ಆವರಣದ ಪ್ರತಿಯೊಂದು ಪದವನ್ನೂ ಗುಣಿಸಬೇಕು, ಬಂದದ್ದನ್ನೆಲ್ಲ ಕೂಡಬೇಕು. ಯಾವುದನ್ನು ಮೊದಲು ಕೂಡಿದೆವು, ಯಾವುದನ್ನು ಕೊನೆಗೆ ಕೂಡಿದೆವು ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಉತ್ತರ ಬದಲಾಗುವುದಿಲ್ಲ. ಆವರಣದೊಳಗಿನ ಪದಗಳು ಮುಗಿಯದೆ ಸಾಗಿದಾಗ ಈ ನೆಮ್ಮದಿ ಹೋಗುತ್ತದೆ. ಗುಣಲಬ್ಧಗಳು ಎರಡು ದಿಕ್ಕಿನಲ್ಲಿ ಅನಂತವಾಗಿ ಹರಡಿಕೊಳ್ಳುತ್ತವೆ. ಅವನ್ನು ಕೂಡಬೇಕಾದರೆ ಒಂದು ಸಾಲಿನಲ್ಲಿ ನಿಲ್ಲಿಸಬೇಕು, ನಿಲ್ಲಿಸುವ ಕ್ರಮವೇ ಮೊತ್ತವನ್ನು ನಿರ್ಧರಿಸಬಹುದು. ಎರಡೂ ಶ್ರೇಣಿಗಳು ಗಟ್ಟಿಯಾಗಿದ್ದರೆ ತೊಂದರೆಯಿಲ್ಲ, ಎರಡೂ ದುರ್ಬಲವಾಗಿದ್ದರೆ ಗುಣಾಕಾರ ಕೆಡಬಹುದು. ಒಂದು ಗಟ್ಟಿ, ಇನ್ನೊಂದು ದುರ್ಬಲವಾದಾಗ ಏನಾಗುತ್ತದೆ ಎಂಬುದು ಈ ಉಪನ್ಯಾಸದ ಪ್ರಶ್ನೆ. ಇದಕ್ಕೆ 1875ರಲ್ಲಿ ಫ್ರಾಂಟ್ಸ್ ಮೆರ್ಟೆನ್ಸ್ ಕೊಟ್ಟ ಉತ್ತರವನ್ನು ಪಠ್ಯಪುಸ್ತಕಗಳು ಹಳೆಯ ಪ್ರಮೇಯವೊಂದರ ಸಣ್ಣ ಸಡಿಲಿಕೆ ಎಂಬಂತೆ ಒಂದು ಪುಟದಲ್ಲಿ ಮುಗಿಸಿಬಿಡುತ್ತವೆ. ಅದು ಸಡಿಲಿಕೆಯಲ್ಲ, ಬೇರೆಯೇ ಜಾತಿಯ ಪ್ರಮೇಯ ಎಂಬುದು ನನ್ನ ವಾದ.

ಮೊದಲು ಗಟ್ಟಿ, ದುರ್ಬಲ ಎಂಬ ಮಾತುಗಳನ್ನು ನಿಖರಗೊಳಿಸೋಣ. ಒಂದು ಶ್ರೇಣಿಯ ಪದಗಳನ್ನು ಕೂಡುತ್ತಾ ಹೋದಾಗ ಸಿಗುವ ಆಂಶಿಕ ಮೊತ್ತಗಳು ಒಂದು ನಿಶ್ಚಿತ ಸಂಖ್ಯೆಯನ್ನು ಎಷ್ಟು ಬೇಕಾದರೂ ಸಮೀಪಿಸಿ ಅಲ್ಲೇ ನಿಂತರೆ, ಶ್ರೇಣಿ ಅಭಿಸರಿಸುತ್ತದೆ ಎನ್ನುತ್ತೇವೆ. ಪದಗಳ ಋಣ ಚಿಹ್ನೆಗಳನ್ನೆಲ್ಲ ಅಳಿಸಿ ಕೂಡಿದರೂ ಅದು ಅಭಿಸರಿಸಿದರೆ, ಅದು ನಿರಪೇಕ್ಷ ಅಭಿಸರಣ. 1 + 1/2 + 1/4 + 1/8 + … ಎಂಬ ಗುಣೋತ್ತರ ಶ್ರೇಣಿ ಈ ಬಗೆಯದು, ಮೊತ್ತ 2. ಇದಕ್ಕೆ ಎದುರಾಗಿ 1 − 1/3 + 1/5 − 1/7 + … ಎಂಬ ಶ್ರೇಣಿಯನ್ನು ನೋಡಿ. ಕೇರಳದ ಮಾಧವನ ಹೆಸರಿನಲ್ಲಿ ಬಂದಿರುವ, ಜ್ಯೇಷ್ಠದೇವನ ‘ಯುಕ್ತಿಭಾಷಾ’ದಲ್ಲಿ ಉಪಪತ್ತಿ ಸಹಿತ ಸಿಗುವ ಶ್ರೇಣಿ ಇದು, ಮೊತ್ತ π/4. ಇದರ ಋಣ ಚಿಹ್ನೆಗಳನ್ನು ಅಳಿಸಿದರೆ ಮೊತ್ತ ಎಲ್ಲೂ ನಿಲ್ಲದೆ ಬೆಳೆಯುತ್ತದೆ. ಧನ ಋಣಗಳು ಒಂದನ್ನೊಂದು ತಿಂದುಹಾಕುವುದರಿಂದ ಮಾತ್ರ ಅದು ನಿಲ್ಲುತ್ತದೆ. ಇಂಥದ್ದನ್ನು ಷರತ್ತುಬದ್ಧ ಅಭಿಸರಣ ಎನ್ನುತ್ತೇವೆ.

ಇಲ್ಲೇ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಶ್ರೇಣಿಗಳನ್ನು ಪದಪದವಾಗಿ ಗುಣಿಸುವುದೆಂದರೆ ಮೊದಲನೆಯದನ್ನು ಮೊದಲನೆಯದರಿಂದ, ಎರಡನೆಯದನ್ನು ಎರಡನೆಯದರಿಂದ ಗುಣಿಸಿ ಕೂಡುವುದಲ್ಲ. ಹಾಗೆ ಕೂಡಿದರೆ ಏನೋ ಒಂದು ಮೊತ್ತ ಬರಬಹುದು, ಆದರೆ ಅದಕ್ಕೂ ಎರಡು ಮೊತ್ತಗಳ ಗುಣಲಬ್ಧಕ್ಕೂ ಸಂಬಂಧವಿಲ್ಲ. ಎರಡೇ ಪದಗಳ ಆವರಣದಲ್ಲೂ ಇದು ತಪ್ಪೆಂದು ಕಾಣುತ್ತದೆ. ನಾವು ಮಾಡಬೇಕಾದದ್ದು ಬೇರೆ. ಒಂದು ಹಾಳೆಯ ಮೇಲೆ ಅಡ್ಡಕ್ಕೆ a₀, a₁, a₂ … ಎಂದೂ ಉದ್ದಕ್ಕೆ b₀, b₁, b₂ … ಎಂದೂ ಬರೆದು, ಒಳಗಿನ ಒಂದೊಂದು ಮನೆಯಲ್ಲೂ ಅದರದರ ಗುಣಲಬ್ಧ ತುಂಬಿ. ಈಗ ಮನೆಗಳನ್ನು ಓರೆಯಾಗಿ, ಕರ್ಣದಗುಂಟ ಕೂಡಿ. ಮೊದಲ ಕರ್ಣದಲ್ಲಿ a₀b₀ ಒಂದೇ, ಎರಡನೆಯದರಲ್ಲಿ a₀b₁ + a₁b₀, ಮೂರನೆಯದರಲ್ಲಿ a₀b₂ + a₁b₁ + a₂b₀. ಈ ಕರ್ಣಗಳ ಮೊತ್ತಗಳೇ c₀, c₁, c₂ … ಎಂಬ ಹೊಸ ಶ್ರೇಣಿಯ ಪದಗಳು. ಕರ್ಣವೇ ಏಕೆ ಎಂದರೆ, ಎರಡು ಬಹುಪದೋಕ್ತಿಗಳನ್ನು ಗುಣಿಸಿ xನ ಒಂದೇ ಘಾತವುಳ್ಳ ಪದಗಳನ್ನು ಒಟ್ಟುಗೂಡಿಸಿದಾಗ ಸಿಗುವುದು ಇದೇ ಗುಂಪು. ಘಾತ ಶ್ರೇಣಿಗಳನ್ನು ಬಳಸುವವರಿಗೆ ಬೇರೆ ಕ್ರಮ ಸಹಜವಲ್ಲ.

ಎಲ್ಲ ತೊಡಕೂ ಈ ಹಾಳೆಯ ಮೇಲೇ ಕಾಣುತ್ತದೆ. ಎರಡು ಶ್ರೇಣಿಗಳ ಆಂಶಿಕ ಮೊತ್ತಗಳನ್ನು ಗುಣಿಸಿದರೆ ನಾವು ಒಂದು ಚೌಕದೊಳಗಿನ ಮನೆಗಳನ್ನೆಲ್ಲ ಕೂಡಿದಂತೆ. ಚೌಕ ಬೆಳೆದಂತೆ ಆ ಮೊತ್ತ ತಪ್ಪದೆ AB ಕಡೆಗೆ ಹೋಗುತ್ತದೆ, ಇಲ್ಲಿ A, B ಎಂಬುವು ಎರಡು ಶ್ರೇಣಿಗಳ ಮೊತ್ತಗಳು. ಆದರೆ ಕರ್ಣಗಳನ್ನು ಕೂಡುತ್ತಾ ಹೋದಾಗ ನಮ್ಮ ಕೈಗೆ ಸಿಗುವುದು ತ್ರಿಕೋನ. ಚೌಕಕ್ಕೂ ತ್ರಿಕೋನಕ್ಕೂ ನಡುವೆ ಬಿಟ್ಟುಹೋದ ಮನೆಗಳ ಲೆಕ್ಕ ಸೊನ್ನೆಯಾಗುತ್ತದೆಯೇ ಎಂಬುದೇ ಪ್ರಶ್ನೆ.

ಕೋಶಿ 1821ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ‘ಕೂರ್ ದನಾಲೀಸ್’ ಪಾಠಪುಸ್ತಕದಲ್ಲಿ ಇದರ ಎರಡು ತುದಿಗಳನ್ನೂ ಮುಟ್ಟಿದ. ಎರಡೂ ಶ್ರೇಣಿಗಳು ನಿರಪೇಕ್ಷವಾಗಿ ಅಭಿಸರಿಸಿದರೆ ಬಿಟ್ಟುಹೋದ ಮನೆಗಳ ಮೊತ್ತ ಸೊನ್ನೆಗೆ ಇಳಿಯುತ್ತದೆಂದು ಸಾಧಿಸಿದ, ಹಾಗಿಲ್ಲದಾಗ ಏನಾಗಬಹುದೆಂಬುದಕ್ಕೆ ಉದಾಹರಣೆಯನ್ನೂ ಕೊಟ್ಟ. 1 − 1/√2 + 1/√3 − 1/√4 + … ಎಂಬ ಶ್ರೇಣಿಯನ್ನು ಅದರಿಂದಲೇ ಗುಣಿಸಿ ನೋಡಿ. ಶ್ರೇಣಿ ಅಭಿಸರಿಸುತ್ತದೆ, ಅದರ ಮೊತ್ತ ಸುಮಾರು 0.6049. ಆದರೆ ಕರ್ಣಗಳನ್ನು ಕೂಡಿದರೆ ಸಿಗುವ ಪದಗಳು 1, −1.414, 1.655, −1.816, 1.935, −2.026. ಇವು ಕುಗ್ಗುವ ಬದಲು ಹಿಗ್ಗುತ್ತಿವೆ. ಕಾರಣ ಸರಳ. ಒಂದು ಕರ್ಣದ ಮೇಲಿನ ಮನೆಗಳಿಗೆಲ್ಲ ಒಂದೇ ಚಿಹ್ನೆ, ಆದ್ದರಿಂದ ಒಂದನ್ನೊಂದು ತಿಂದುಹಾಕುವ ಮಾತೇ ಇಲ್ಲ. c‍ₙ ಎಂಬ ಪದದಲ್ಲಿ n+1 ಮನೆಗಳಿವೆ. ಪ್ರತಿ ಮನೆಯ ಛೇದದಲ್ಲಿ (k+1)(n−k+1)ರ ವರ್ಗಮೂಲ ಇದೆ. ಗುಣೋತ್ತರ ಸರಾಸರಿ ಸಮಾಂತರ ಸರಾಸರಿಯನ್ನು ಮೀರದಾದ್ದರಿಂದ ಅದು (n+2)/2ಕ್ಕಿಂತ ಹೆಚ್ಚಾಗದು. ಹೀಗಾಗಿ ಇಡೀ ಪದದ ಗಾತ್ರ 2(n+1)/(n+2)ಕ್ಕಿಂತ ಕಡಿಮೆಯಾಗದು, ಅಂದರೆ ಎಂದೂ 1ಕ್ಕಿಂತ ಕೆಳಗಿಳಿಯದು. ಪದಗಳೇ ಸೊನ್ನೆಗೆ ಹೋಗದ ಶ್ರೇಣಿ ಅಭಿಸರಿಸುವುದು ಅಸಾಧ್ಯ. ಗುಣಾಕಾರ ಕೆಟ್ಟಿದೆಯೇ ಎಂದು ಶಂಕೆ ಬಂದಾಗ ಮೊದಲು ನೋಡಬೇಕಾದ್ದೂ ಇದನ್ನೇ: ಕರ್ಣದ ಮೊತ್ತಗಳು ಕುಗ್ಗುತ್ತಿವೆಯೇ?

ಈ ಎರಡು ತುದಿಗಳ ನಡುವಿನ ಜಾಗವನ್ನು ತುಂಬಿದ್ದು ಮೆರ್ಟೆನ್ಸ್. ಆಗ ಆತ ಇಂದಿನ ಪೋಲೆಂಡಿನ ಕ್ರಾಕೋವ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ. ಕ್ರೆಲ್ಲೆಯ ಗಣಿತ ಪತ್ರಿಕೆಯಲ್ಲಿ ಬಂದ ಕೆಲವೇ ಪುಟಗಳ ಲೇಖನದಲ್ಲಿ ಆತ ತೋರಿಸಿದ್ದು ಇಷ್ಟು: ಎರಡೂ ಶ್ರೇಣಿಗಳು ಅಭಿಸರಿಸಿದರೆ, ಅವುಗಳಲ್ಲಿ ಒಂದಾದರೂ ನಿರಪೇಕ್ಷವಾಗಿ ಅಭಿಸರಿಸಿದರೆ, ಕರ್ಣಗಳ ಶ್ರೇಣಿಯೂ ಅಭಿಸರಿಸುತ್ತದೆ, ಅದರ ಮೊತ್ತ AB. ವಾದವನ್ನು ಬಿಡಿಸಿ ನೋಡುವುದು ಅಗತ್ಯ, ಏಕೆಂದರೆ ಪ್ರಮೇಯದ ನಿಜವಾದ ಸ್ವಭಾವ ಅದರ ಹೇಳಿಕೆಗಿಂತ ಉಪಪತ್ತಿಯಲ್ಲೇ ಹೆಚ್ಚು ಸ್ಪಷ್ಟವಾಗಿದೆ.

ತ್ರಿಕೋನವನ್ನು ಕರ್ಣಗಳಾಗಿ ನೋಡುವ ಬದಲು ಕಂಬಸಾಲುಗಳಾಗಿ ನೋಡಿ. a₀ನ ಕೆಳಗೆ bಗಳು b‍ₙವರೆಗೆ ನಿಂತಿವೆ, a₁ರ ಕೆಳಗೆ ಒಂದು ಕಡಿಮೆ, a₂ರ ಕೆಳಗೆ ಇನ್ನೊಂದು ಕಡಿಮೆ. bಗಳ ಆಂಶಿಕ ಮೊತ್ತಗಳನ್ನು B₀, B₁, B₂ … ಎಂದು ಬರೆದರೆ, ತ್ರಿಕೋನದ ಮೊತ್ತ ಹೀಗಾಗುತ್ತದೆ:

Cₙ = a₀Bₙ + a₁Bₙ₋₁ + … + aₙB₀

ಇದರಲ್ಲಿ ಪ್ರತಿ Bₘ ಅನ್ನು ಅಂತಿಮ ಮೊತ್ತ B ಮತ್ತು ಅದರಿಂದಾದ ವ್ಯತ್ಯಾಸ βₘ ಎಂದು ಒಡೆಯಿರಿ. Bಗೆ ಸಂಬಂಧಿಸಿದ ಭಾಗ aಗಳ ಆಂಶಿಕ ಮೊತ್ತ ಗುಣಿಸು B, ಅದು ನೇರವಾಗಿ ABಗೆ ಹೋಗುತ್ತದೆ. ಉಳಿಯುವುದು a₀βₙ + a₁βₙ₋₁ + … + aₙβ₀ ಎಂಬ ಶೇಷ. ಅದು ಸೊನ್ನೆಗೆ ಇಳಿದರೆ ಕೆಲಸ ಮುಗಿಯಿತು. β ಎಂಬುದು ಎರಡನೆಯ ಶ್ರೇಣಿ ಇನ್ನೂ ಗುರಿ ಮುಟ್ಟದೆ ಉಳಿಸಿಕೊಂಡ ಬಾಕಿ, a ಎಂಬುದು ಆ ಬಾಕಿಗೆ ಹಾಕುವ ತೂಕ ಎಂದುಕೊಳ್ಳಿ. ಈಗ ಈ ಶೇಷವನ್ನು ಎರಡು ತುಂಡು ಮಾಡೋಣ. ಯಾವುದೋ ಒಂದು ಹಂತ Nನಿಂದಾಚೆ ಬಾಕಿಗಳೆಲ್ಲ ನಾವು ಬಯಸಿದಷ್ಟು ಚಿಕ್ಕವು, εಗಿಂತ ಕಡಿಮೆ ಎನ್ನಿ. ಈ ಚಿಕ್ಕ ಬಾಕಿಗಳಿಗೆ ಬಿದ್ದ ತೂಕಗಳೆಲ್ಲ ಸೇರಿದರೂ aಗಳ ನಿರಪೇಕ್ಷ ಮೊತ್ತವನ್ನು ಮೀರಲಾರವು. ಆ ಮೊತ್ತ S ಆದರೆ, ಈ ತುಂಡು εSಗಿಂತ ಹೆಚ್ಚಾಗದು. ಉಳಿದದ್ದು ಹಳೆಯ, ದೊಡ್ಡ ಬಾಕಿಗಳು, β₀ಯಿಂದ N−1ನೆಯ ಬಾಕಿಯವರೆಗಿನವು ಮಾತ್ರ. ಅವುಗಳ ಸಂಖ್ಯೆ Nಗೆ ಸೀಮಿತ, n ಎಷ್ಟು ಬೆಳೆದರೂ ಹೆಚ್ಚುವುದಿಲ್ಲ. ಅವುಗಳ ಮೇಲೆ ಬೀಳುವ ತೂಕಗಳು aಗಳ ಸಾಲಿನ ಬಾಲದವು, ಅವು n ಬೆಳೆದಂತೆ ಸೊನ್ನೆಗೆ ಕುಗ್ಗುತ್ತವೆ. ಆದ್ದರಿಂದ ಎರಡೂ ತುಂಡುಗಳು ಮಾಯವಾಗುತ್ತವೆ.

ಇಲ್ಲಿ ನಿರಪೇಕ್ಷ ಅಭಿಸರಣ ಎಲ್ಲಿ ಬಳಕೆಯಾಯಿತು ಎಂಬುದನ್ನು ಗಮನಿಸಬೇಕು. ಒಂದೇ ಒಂದು ಕಡೆ, S ಎಂಬ ತೂಕದ ಮೊತ್ತ ಮಿತಿಯೊಳಗಿದೆ ಎನ್ನುವಲ್ಲಿ. ಕೋಶಿಯ ಪ್ರಮೇಯದಲ್ಲಿ ಅದರ ಪಾತ್ರ ಬೇರೆ. ಅಲ್ಲಿ ಅದು ಪದಗಳನ್ನು ಹೇಗೆ ಬೇಕಾದರೂ ಜೋಡಿಸಿಕೊಳ್ಳುವ ಸ್ವಾತಂತ್ರ್ಯ ಕೊಡುತ್ತದೆ. ಇಲ್ಲಿ ಅದು ಜೋಡಣೆಯ ಬಗ್ಗೆ ಏನೂ ಹೇಳುವುದಿಲ್ಲ, ಒಂದು ಶ್ರೇಣಿ ಇನ್ನೊಂದರ ತಪ್ಪುಗಳನ್ನು ಎಷ್ಟರ ಮಟ್ಟಿಗೆ ಹಿಗ್ಗಿಸಬಹುದು ಎಂಬುದಕ್ಕೆ ಕಡಿವಾಣ ಹಾಕುತ್ತದೆ. ಇನ್ನೂ ವಿಶೇಷವೆಂದರೆ, ಎರಡನೆಯ ಶ್ರೇಣಿ ಎಷ್ಟು ಬೇಗ ಗುರಿ ಮುಟ್ಟುತ್ತದೆ ಎಂಬ ಪ್ರಶ್ನೆಯೇ ಉಪಪತ್ತಿಯಲ್ಲಿ ಏಳಲಿಲ್ಲ. ಅದು ಆಮೆಯ ನಡಿಗೆಯಲ್ಲಿ ಹೋದರೂ ಸರಿ, ಕೊನೆಗೆ ತಲುಪಿದರೆ ಸಾಕು. ಕೋಶಿಯ ಉದಾಹರಣೆ ಏಕೆ ಕೆಟ್ಟಿತು ಎಂಬುದೂ ಈಗ ತಿಳಿಯಾಗುತ್ತದೆ. ಅಲ್ಲಿ ಬಾಕಿ 1/(2√n) ಅಷ್ಟು ನಿಧಾನವಾಗಿ ಕುಗ್ಗುತ್ತದೆ, ತೂಕಗಳ ಮೊತ್ತ 2√n ಅಷ್ಟು ಬೆಳೆಯುತ್ತದೆ. ಇಳಿಕೆಯನ್ನು ಏರಿಕೆ ಸರಿದೂಗಿಸಿಬಿಡುತ್ತದೆ, ಚಿಹ್ನೆಗಳೂ ಒಂದೇ ಕಡೆಗೆ ವಾಲುತ್ತವೆ, ಶೇಷ ಸೊನ್ನೆಗೆ ಇಳಿಯುವುದೇ ಇಲ್ಲ.

ಮೊದಲು ಹೇಳಿದ ಎರಡು ಶ್ರೇಣಿಗಳನ್ನೇ ಗುಣಿಸಿ ನೋಡೋಣ. ಗುಣೋತ್ತರ ಶ್ರೇಣಿ ಗಟ್ಟಿ, ಮಾಧವನದು ಷರತ್ತುಬದ್ಧ. ಮೆರ್ಟೆನ್ಸ್ ಪ್ರಕಾರ ಉತ್ತರ 2 × π/4, ಅಂದರೆ π/2, ಸುಮಾರು 1.5708 ಆಗಬೇಕು. ತೂಕಗಳು ಪ್ರತಿ ಹೆಜ್ಜೆಗೂ ಅರ್ಧವಾಗುವುದರಿಂದ ಲೆಕ್ಕ ಸುಲಭ: ಹಿಂದಿನ ಕರ್ಣದ ಮೊತ್ತವನ್ನು ಅರ್ಧ ಮಾಡಿ, ಅದಕ್ಕೆ ಮಾಧವ ಶ್ರೇಣಿಯ ಮುಂದಿನ ಪದವನ್ನು ಸೇರಿಸಿದರೆ ಹೊಸ ಕರ್ಣದ ಮೊತ್ತ ಸಿಗುತ್ತದೆ. ಮೊದಲನೆಯದು 1. ಎರಡನೆಯದು 1/2 − 1/3, ಅಂದರೆ 0.1667. ಮೂರನೆಯದು ಅದರ ಅರ್ಧ ಮತ್ತು 1/5, ಅಂದರೆ 0.2833. ನಾಲ್ಕನೆಯದು 0.1417 − 0.1429, ಹೆಚ್ಚುಕಡಿಮೆ ಸೊನ್ನೆ. ಹೀಗೆ ಮುಂದುವರಿಸಿ ಕೂಡುತ್ತಾ ಹೋದರೆ ಮೊತ್ತಗಳು 1, 1.167, 1.450, 1.449, 1.559, 1.524, 1.583, 1.546, 1.586, 1.553 ಎಂದು ಬರುತ್ತವೆ. ಮೊದಲ ಕೆಲವು ಹೆಜ್ಜೆಗಳ ಬಳಿಕ ಅವು 1.5708ರ ಆಚೀಚೆ ತೂಗಾಡುತ್ತವೆ, ತೂಗಾಟದ ಅಗಲ ಮೆಲ್ಲಗೆ ಕಿರಿದಾಗುತ್ತದೆ. ಮೆಲ್ಲಗೆ ಎಂಬ ಮಾತು ಮುಖ್ಯ. ಗುಣೋತ್ತರ ಶ್ರೇಣಿಯ ವೇಗ ಮಾಧವ ಶ್ರೇಣಿಯ ನಿಧಾನವನ್ನು ವಾಸಿಮಾಡಲಿಲ್ಲ, ಅದನ್ನು ಕೆಡಿಸಲೂ ಇಲ್ಲ. ಪ್ರಮೇಯ ಕೊಡುವ ಭರವಸೆ ಅಭಿಸರಣದ್ದು ಮಾತ್ರ, ವೇಗದ್ದಲ್ಲ.

ಈಗ ಆಕ್ಷೇಪಗಳಿಗೆ ಬರೋಣ. ಒಂದು ಕಡೆ ಗಟ್ಟಿಯಾಗಿದ್ದರೆ ಸಾಕು ಎಂದಮೇಲೆ ಕರ್ಣದ ಕ್ರಮಕ್ಕೇ ಅಂಟಿಕೊಳ್ಳುವುದೇಕೆ, ಹಾಳೆಯ ಮನೆಗಳನ್ನು ಹೇಗೆ ಬೇಕಾದರೂ ಕೂಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ಕೂಡದು. ಮೊದಲ ಶ್ರೇಣಿಯನ್ನು 1 + 0 + 0 + … ಎಂದು ಇಟ್ಟುಕೊಳ್ಳಿ, ಇದಕ್ಕಿಂತ ಗಟ್ಟಿಯಾದ ಶ್ರೇಣಿ ಇರಲಾರದು. ಆಗ ಹಾಳೆಯ ಮೇಲೆ ಸೊನ್ನೆಯಲ್ಲದ ಮನೆಗಳೆಲ್ಲ ಎರಡನೆಯ ಶ್ರೇಣಿಯ ಪದಗಳೇ. ಅವನ್ನು ಬೇರೆ ಕ್ರಮದಲ್ಲಿ ಕೂಡುವುದೆಂದರೆ ಒಂದು ಷರತ್ತುಬದ್ಧ ಶ್ರೇಣಿಯನ್ನು ಮರುಜೋಡಿಸಿದಂತೆ. ಹಾಗೆ ಮರುಜೋಡಿಸಿ ಯಾವ ಮೊತ್ತವನ್ನು ಬೇಕಾದರೂ ಪಡೆಯಬಹುದೆಂದು ರೀಮಾನ್ ತೋರಿಸಿಕೊಟ್ಟಿದ್ದಾನೆ. ಮೆರ್ಟೆನ್ಸ್ ಪ್ರಮೇಯ ಕೋಶಿಯ ಪ್ರಮೇಯದ ಸಡಿಲಿಕೆಯಲ್ಲ ಎಂದು ನಾನು ಹೇಳಲು ಇದೇ ಮುಖ್ಯ ಆಧಾರ. ಕೋಶಿಯದು ಎಲ್ಲ ಕ್ರಮಗಳಿಗೂ ಸಲ್ಲುವ ಮಾತು, ಮೆರ್ಟೆನ್ಸ್‌ನದು ಕರ್ಣದ ಕ್ರಮಕ್ಕೆ ಸಂಬಂಧಿಸಿದ ಮಾತು. ಇದೇ ಉದಾಹರಣೆ ಇನ್ನೊಂದನ್ನೂ ಹೇಳುತ್ತದೆ: ಗುಣಲಬ್ಧದ ಶ್ರೇಣಿ ನಿರಪೇಕ್ಷವಾಗಿ ಅಭಿಸರಿಸಬೇಕಾಗಿಲ್ಲ. ಆದ್ದರಿಂದ ಬಂದ ಗುಣಲಬ್ಧವನ್ನು ಮೂರನೆಯ ಶ್ರೇಣಿಯಿಂದ ಗುಣಿಸಹೊರಟವರು ಆ ಮೂರನೆಯದು ಗಟ್ಟಿಯೇ ಎಂದು ಹೊಸದಾಗಿ ಪರೀಕ್ಷಿಸಿಕೊಳ್ಳಬೇಕು.

ಎರಡನೆಯ ಆಕ್ಷೇಪ ಅಬೆಲ್‌ನ ಕಡೆಯಿಂದ ಬರುತ್ತದೆ. 1826ರಲ್ಲಿ, ದ್ವಿಪದ ಶ್ರೇಣಿಯನ್ನು ಕುರಿತ ತನ್ನ ಪ್ರಸಿದ್ಧ ಲೇಖನದಲ್ಲಿ ಅಬೆಲ್ ಒಂದು ಸುಂದರ ಫಲಿತಾಂಶ ಕೊಟ್ಟಿದ್ದಾನೆ: ಎರಡು ಶ್ರೇಣಿಗಳೂ ಅವುಗಳ ಕರ್ಣದ ಶ್ರೇಣಿಯೂ, ಈ ಮೂರೂ ಅಭಿಸರಿಸಿದರೆ, ಮೂರನೆಯದರ ಮೊತ್ತ AB ಆಗಲೇಬೇಕು. ಇಲ್ಲಿ ನಿರಪೇಕ್ಷ ಅಭಿಸರಣದ ಮಾತೇ ಇಲ್ಲ. ಹಾಗಾದರೆ ಐವತ್ತು ವರ್ಷ ತಡವಾಗಿ ಬಂದ ಮೆರ್ಟೆನ್ಸ್‌ನಿಂದ ಹೆಚ್ಚಿಗೆ ಏನು ಸಿಕ್ಕಿತು? ಅಬೆಲ್ ಉತ್ತರಿಸುವುದು ಮೊತ್ತ ಎಷ್ಟು ಎಂಬ ಪ್ರಶ್ನೆಗೆ, ಮೊತ್ತ ಇದೆಯೇ ಎಂಬ ಪ್ರಶ್ನೆಯನ್ನು ನಮಗೇ ಬಿಡುತ್ತಾನೆ. ಕೋಶಿಯ ಉದಾಹರಣೆಯಲ್ಲಿ ಕೆಟ್ಟದ್ದು ಆ ಎರಡನೆಯ ಪ್ರಶ್ನೆಯೇ. ಮೂರನೆಯ ಶ್ರೇಣಿಯ ಪದಗಳನ್ನು ಮುಟ್ಟಿಯೂ ನೋಡದೆ ಅದು ಅಭಿಸರಿಸುತ್ತದೆಂದು ಹೇಳುವ ಹಕ್ಕನ್ನು ಮೆರ್ಟೆನ್ಸ್ ಕೊಡುತ್ತಾನೆ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಂಭೀರವಾದದ್ದು. ಷರತ್ತುಬದ್ಧ ಶ್ರೇಣಿಗಳೆರಡನ್ನು ಗುಣಿಸಿದಾಗಲೂ ಕೆಲವೊಮ್ಮೆ ಎಲ್ಲ ಸರಿಹೋಗುತ್ತದೆ. 1 − 1/2 + 1/3 − 1/4 + … ಎಂಬುದನ್ನು ಅದರಿಂದಲೇ ಗುಣಿಸಿ ನೋಡಿ. ಕರ್ಣದ ಮೊತ್ತಗಳ ಗಾತ್ರ 1, 1, 0.917, 0.833 ಎಂದು ಇಳಿಯುತ್ತಾ ಸೊನ್ನೆಗೆ ಹೋಗುತ್ತದೆ, ಚಿಹ್ನೆಗಳು ಬದಲಾಗುತ್ತವೆ, ಶ್ರೇಣಿ ಅಭಿಸರಿಸುತ್ತದೆ. ಅಬೆಲ್‌ನ ಮಾತಿನಂತೆ ಮೊತ್ತ log 2ರ ವರ್ಗ, ಸುಮಾರು 0.4805. ಇಲ್ಲಿ ತೂಕಗಳ ಮೊತ್ತ log nನಷ್ಟು ನಿಧಾನವಾಗಿ ಬೆಳೆಯುತ್ತದೆ, ಬಾಕಿ 1/nನಂತೆ ಬೇಗ ಕುಗ್ಗುತ್ತದೆ, ಏರಿಕೆ ಇಳಿಕೆಯ ಮುಂದೆ ಸೋಲುತ್ತದೆ. 1908ರಲ್ಲಿ ಹಾರ್ಡಿ ಇದನ್ನು ಸಾಮಾನ್ಯ ನಿಯಮವಾಗಿಸಿದ: ಅಭಿಸರಿಸುವ ಎರಡು ಶ್ರೇಣಿಗಳಲ್ಲೂ nನೆಯ ಪದದ ಗಾತ್ರ 1/nನ ಒಂದು ಸ್ಥಿರ ಗುಣಕವನ್ನು ಮೀರದಿದ್ದರೆ ಗುಣಾಕಾರ ಸಲ್ಲುತ್ತದೆ. ಹಾಗಾದರೆ ನಿರಪೇಕ್ಷ ಅಭಿಸರಣ ಎಂಬ ಷರತ್ತು ಅಗತ್ಯಕ್ಕಿಂತ ಬಿಗಿಯಾದದ್ದಲ್ಲವೇ?

ಒಂದು ನಿರ್ದಿಷ್ಟ ಜೋಡಿಯ ಮಟ್ಟಿಗೆ ಹೌದು. ಆದರೆ ಮೆರ್ಟೆನ್ಸ್ ಪ್ರಮೇಯ ಜೋಡಿಯ ಬಗ್ಗೆ ಮಾತಾಡುತ್ತಿಲ್ಲ. ಈ ಒಂದು ಶ್ರೇಣಿಯನ್ನು ಯಾವ ಅಭಿಸಾರಿ ಶ್ರೇಣಿಯೊಡನೆ ಬೇಕಾದರೂ ಗುಣಿಸಬಹುದು ಎಂಬ ಅಭಯವನ್ನು ಅದು ಕೊಡುತ್ತಿದೆ. ಆ ಅಭಯಕ್ಕೆ ನಿರಪೇಕ್ಷ ಅಭಿಸರಣ ಸಾಕು ಮಾತ್ರವಲ್ಲ, ಬೇಕೇ ಬೇಕು. ಇದನ್ನು ತೋರಿಸಲು aಗಳ ನಿರಪೇಕ್ಷ ಮೊತ್ತ ಅನಂತವಾಗಿದೆ ಎಂದುಕೊಂಡು, ಅದರ ಗುಣಾಕಾರವನ್ನು ಕೆಡಿಸುವ ಎರಡನೆಯ ಶ್ರೇಣಿಯೊಂದನ್ನು ಕೈಯಾರೆ ಕಟ್ಟೋಣ. ಪದಗಳಿಂದ ಶುರುಮಾಡುವ ಬದಲು ಬಾಕಿಗಳಿಂದ ಶುರುಮಾಡಬಹುದು, ಏಕೆಂದರೆ ಸೊನ್ನೆಗೆ ಇಳಿಯುವ ಯಾವ ಸಂಖ್ಯೆಗಳ ಸಾಲೂ ಒಂದಲ್ಲ ಒಂದು ಅಭಿಸಾರಿ ಶ್ರೇಣಿಯ ಬಾಕಿಗಳ ಸಾಲಾಗಬಲ್ಲದು. ಬಾಕಿಗಳನ್ನು ಕಂತುಕಂತಾಗಿ ಬರೆಯುತ್ತಾ ಹೋಗೋಣ, jನೆಯ ಕಂತಿನಲ್ಲಿ ಪ್ರತಿಯೊಂದರ ಗಾತ್ರ 1/j. ಕಂತು ಮುಗಿಯುವ ಸ್ಥಾನವನ್ನು ಬಹಳ ದೂರ ಇಟ್ಟುಕೊಂಡರೆ, ಆ ಕಂತಿನ ಎದುರು ಬರುವ ತೂಕಗಳ ಗಾತ್ರಗಳ ಮೊತ್ತ j²ಅನ್ನು ಮೀರುತ್ತದೆ, ಮೊತ್ತ ಅನಂತವಾದ್ದರಿಂದ ಇದಕ್ಕೆ ಅಡ್ಡಿಯಿಲ್ಲ. ಪ್ರತಿ ಬಾಕಿಯ ಚಿಹ್ನೆಯನ್ನು ಅದರ ಎದುರಿನ ತೂಕದ ಚಿಹ್ನೆಗೇ ಹೊಂದಿಸಿಬಿಟ್ಟರೆ, ಈ ಕಂತಿನಿಂದ ಶೇಷಕ್ಕೆ ಬರುವ ಪಾಲು j²ಅನ್ನು jಯಿಂದ ಭಾಗಿಸಿದ್ದಕ್ಕಿಂತ ಹೆಚ್ಚು, ಅಂದರೆ jಗಿಂತ ಹೆಚ್ಚು. ಹಿಂದಿನ ಕಂತುಗಳ ಬಾಕಿಗಳು ಸೀಮಿತ ಸಂಖ್ಯೆಯವು, ಅವುಗಳ ಎದುರು ನಿಲ್ಲುವುದು aಗಳ ದೂರದ ಬಾಲ, ಅದು ಅತಿ ಚಿಕ್ಕದು. ಸ್ಥಾನವನ್ನು ಸಾಕಷ್ಟು ದೂರ ತಳ್ಳಿದರೆ ಅವುಗಳ ಪಾಲು 1ಅನ್ನೂ ಮೀರದು. ಹೀಗಾಗಿ ಪ್ರತಿ ಕಂತಿನ ಕೊನೆಯಲ್ಲೂ ಶೇಷ j−1ಕ್ಕಿಂತ ದೊಡ್ಡದು. ಬಾಕಿಗಳು ಸೊನ್ನೆಗೆ ಇಳಿಯುತ್ತಿವೆ, ಆದರೂ ತ್ರಿಕೋನದ ಮೊತ್ತ ಮಿತಿಮೀರಿ ಏರಿಳಿಯುತ್ತಿದೆ. ಉಪಪತ್ತಿಯಲ್ಲಿ ಒಂದೇ ಕಡೆ ಬಳಕೆಯಾದ ಆ S ಎಂಬ ಕಡಿವಾಣವನ್ನು ಕಿತ್ತರೆ ಕುದುರೆ ಓಡಿಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. log 2ರ ಶ್ರೇಣಿಯೂ ಇದಕ್ಕೆ ಹೊರತಲ್ಲ. ತನ್ನೊಡನೆ ಅದು ಸರಿಹೋಯಿತು, ಆದರೆ ಅದನ್ನು ಕೆಡಿಸುವ ಜೊತೆಗಾರ ಶ್ರೇಣಿಯೊಂದು ಇದ್ದೇ ಇದೆ.

ಹಾಗೆ ಕೆಟ್ಟಾಗಲೂ AB ಎಂಬ ಸಂಖ್ಯೆ ಎಲ್ಲಿಗೂ ಹೋಗಿರುವುದಿಲ್ಲ. ತ್ರಿಕೋನದ ಮೊತ್ತಗಳಾದ C₀, C₁, …, Cₙ ಇವುಗಳನ್ನು ಬಿಡಿಬಿಡಿಯಾಗಿ ನೋಡದೆ ಒಟ್ಟಿಗೆ ಕೂಡಿದರೆ, ಸಿಗುವುದು A₀Bₙ + A₁Bₙ₋₁ + … + AₙB₀, ಅಂದರೆ ಎರಡೂ ಕಡೆಯ ಆಂಶಿಕ ಮೊತ್ತಗಳ ಗುಣಲಬ್ಧಗಳು. ಇವುಗಳಲ್ಲಿ ತುದಿಯ ಕೆಲವನ್ನು ಬಿಟ್ಟರೆ ಉಳಿದೆಲ್ಲವೂ ABಗೆ ಹತ್ತಿರ, ಆದ್ದರಿಂದ n+1ರಿಂದ ಭಾಗಿಸಿದ ಸರಾಸರಿ ABಗೇ ಹೋಗುತ್ತದೆ. ಇದು 1890ರಲ್ಲಿ ಚೆಸಾರೊ ಹೇಳಿದ್ದು, ಇದಕ್ಕೆ ಯಾವ ಶ್ರೇಣಿಯೂ ಗಟ್ಟಿಯಾಗಿರಬೇಕಿಲ್ಲ. ಕೋಶಿಯ ಉದಾಹರಣೆಯಲ್ಲಿ ಆ ಮೊತ್ತಗಳು 1, −0.414, 1.240, −0.576, 1.359, −0.667 ಎಂದು ಎರಡು ಕಡೆಗೂ ಜಿಗಿಯುತ್ತವೆ. ಈ ಆರರ ಸರಾಸರಿ 0.324. ಮುಂದುವರಿಸುತ್ತಾ ಹೋದರೆ ಸರಾಸರಿ 0.6049ರ ವರ್ಗವಾದ 0.3659ಕ್ಕೆ ಬಂದು ನಿಲ್ಲುತ್ತದೆ, ಮೊತ್ತಗಳ ಜಿಗಿತ ಮಾತ್ರ ಕೊನೆಯವರೆಗೂ ನಿಲ್ಲುವುದಿಲ್ಲ.